‘ಹತ್ತಿರ’ ಎಂದರೆ ಎಷ್ಟು ಮೀಟರ್?

ನಮ್ಮ ಕಾಲೇಜಿನ ಗೇಟಿನ ಮುಂದಿನ ಬಸ್ ಸ್ಟಾಪಿನಲ್ಲಿ ಒಂದು ಕಲ್ಲುಬೆಂಚು ಇದೆ. ಅದರ ಒಂದು ಕಾಲು ಈಗ ಸೊಟ್ಟಗಿದೆ. ಅದು ಹೇಗೆ ಸೊಟ್ಟಗಾಯಿತು ಎಂದು ಹಲವರು ಹಲವು ಕಥೆ ಹೇಳುತ್ತಿದ್ದಾರೆ. ನೀರಿನ ಟ್ಯಾಂಕರ್ ಗುದ್ದಿತು ಎನ್ನುವವರಿದ್ದಾರೆ, ಬಸ್ಸೇ ಗುದ್ದಿತು ಎನ್ನುವವರೂ ಇದ್ದಾರೆ. ನಿಜ ಏನೆಂದರೆ ಗುದ್ದಿದ್ದು ನಮ್ಮ ಮನೆಯ ಗಾಡಿ. ನಮ್ಮ ಅಬ್ಬು ಓಡಿಸುವ ಸಣ್ಣ ಗೂಡ್ಸ್ ಗಾಡಿ. ಗುದ್ದುವಾಗ ಅದರೊಳಗೆ ಡ್ರೈವರ್ ಇರಲಿಲ್ಲ.

ಇದನ್ನು ಬರೆಯಲೋ ಬೇಡವೋ ಎಂದು ನಾನು ತುಂಬ ಯೋಚಿಸಿದೆ. ಮನೆಯ ತಪ್ಪನ್ನು ಪತ್ರಿಕೆಯಲ್ಲಿ ಹಾಕುವುದು ಯಾರಿಗೂ ಇಷ್ಟವಾಗುವುದಿಲ್ಲ. ಆದರೆ ಅಬ್ಬುವೇ ‘ಬರಿ ಬೇಟಾ, ನನ್ನ ಹೆಸರು ಬೇಡ, ತಪ್ಪು ಮಾತ್ರ ಬರಿ’ ಎಂದರು. ಆದ್ದರಿಂದ ಬರೆಯುತ್ತಿದ್ದೇನೆ.

ಆ ದಿನ ನಡೆದದ್ದು ಇಷ್ಟು. ಸ್ಟಾಪಿಗಿಂತ ಸ್ವಲ್ಪ ಮೇಲೆ ಒಂದು ಪ್ಲೈವುಡ್ ಅಂಗಡಿ ಇದೆ. ಅಲ್ಲಿಗೆ ಅಬ್ಬು ಮಾಲು ತಂದಿದ್ದರು. ರಸ್ತೆ ಅಂಗಡಿಯಿಂದ ಸ್ಟಾಪಿನ ಕಡೆಗೆ ಇಳಿಜಾರು. ಗಾಡಿಯ ಮುಖ ಇಳಿಜಾರಿನ ಕಡೆಗೇ ಇತ್ತು. ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲೇ ಬಿಟ್ಟು ಅಬ್ಬು ಇಳಿದರು. ಚಕ್ರಗಳು ನೇರವಾಗಿದ್ದವು. ಅಂಗಡಿಯ ಹುಡುಗರು ನಾಲ್ಕು ಹಲಗೆ ಇಳಿಸುವವರೆಗೂ ಗಾಡಿ ಅಲ್ಲಾಡಲಿಲ್ಲ. ಐದನೆಯದನ್ನು ಎಳೆದಾಗ ಗಾಡಿ ಒಮ್ಮೆ ಜಗ್ಗಿತು, ನಂತರ ಮೆಲ್ಲಗೆ ಹೊರಟಿತು. ಮನುಷ್ಯ ನಡೆಯುವ ವೇಗದಲ್ಲಿ ಹೊರಟ ಗಾಡಿಯ ಹಿಂದೆ ಅಬ್ಬು ಓಡಿದರು. ಸ್ಟಾಪಿನ ಬಳಿ ಫುಟ್‌ಪಾತಿನ ಅಂಚಿನ ಕಲ್ಲು ಕಿತ್ತುಹೋಗಿದೆ. ಎಡಗಡೆಯ ಚಕ್ರ ಅಲ್ಲೇ ಮೇಲೆ ಹತ್ತಿ ಬೆಂಚಿಗೆ ತಾಗಿ ನಿಂತಿತು. ಕಾಲೇಜು ಬಿಡಲು ಇನ್ನೂ ಹತ್ತು ನಿಮಿಷ ಇತ್ತು, ಬೆಂಚಿನ ಮೇಲೆ ಯಾರೂ ಇರಲಿಲ್ಲ. ಹತ್ತು ನಿಮಿಷ ಕಳೆದಿದ್ದರೆ ಅಲ್ಲಿ ಪ್ರಥಮ ಪಿಯುಸಿಯ ಹುಡುಗಿಯರು ಕೂತಿರುತ್ತಿದ್ದರು. ನನ್ನ ತಂಗಿಯೂ ಅಲ್ಲೇ ಕೂರುತ್ತಾಳೆ.

ಸೇರಿದವರೆಲ್ಲ ಒಂದೇ ಮಾತು ಹೇಳಿದರು: ‘ಹ್ಯಾಂಡ್ ಬ್ರೇಕ್ ಸರಿಯಿಲ್ಲ.’ ಅದು ಅರ್ಧ ನಿಜ. ಬ್ರೇಕಿನ ಕೇಬಲ್ ಸಡಿಲವಾಗಿತ್ತು. ಆದರೆ ನನ್ನ ಅಭಿಪ್ರಾಯದಲ್ಲಿ ಅಲ್ಲಿ ಮೂರು ತಪ್ಪು ನಡೆದಿದ್ದವು. ಚಕ್ರ ನೇರವಾಗಿದ್ದದ್ದು ಒಂದು, ಗೇರ್ ಹಾಕದೆ ಇದ್ದದ್ದು ಇನ್ನೊಂದು, ಗಾಡಿ ಅಲ್ಲಿ ನಿಂತದ್ದೇ ಮೂರನೆಯದು. ಈ ಮೂರರಲ್ಲಿ ಯಾವುದಾದರೂ ಒಂದು ಸರಿಯಿದ್ದಿದ್ದರೂ ಬೆಂಚು ಸೊಟ್ಟಗಾಗುತ್ತಿರಲಿಲ್ಲ.

ಮೊದಲು ಆ ಇಳಿಜಾರು ಎಷ್ಟಿದೆ ಎಂದು ನೋಡೋಣ. ಕಣ್ಣಿಗೆ ಅದು ಇಳಿಜಾರು ಎನಿಸುವುದೇ ಇಲ್ಲ. ನಾವು ದಿನಾ ನಡೆಯುವ ರಸ್ತೆ, ಏದುಸಿರು ಬರುವುದಿಲ್ಲ. ಒಂದು ಭಾನುವಾರ ನಾನೂ ತಮ್ಮನೂ ಮಾಮುವಿನ ರಸಮಟ್ಟ ತೆಗೆದುಕೊಂಡು ಹೋದೆವು. ಮಾಮು ಗಾರೆ ಕೆಲಸದ ಮೇಸ್ತ್ರಿ. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ರಸ್ತೆಯ ಮೇಲಿಟ್ಟು, ರಸಮಟ್ಟದ ಗುಳ್ಳೆ ನಡುವೆ ಬರುವವರೆಗೆ ಕೆಳಗಿನ ತುದಿಯನ್ನು ಎತ್ತಿ, ಆ ತುದಿಯಿಂದ ನೆಲಕ್ಕೆ ಎಷ್ಟು ಅಂತರವಿದೆ ಎಂದು ಸ್ಕೇಲಿನಲ್ಲಿ ಅಳೆದೆವು. ಐದು ಸೆಂಟಿಮೀಟರ್ ಬಂತು. ಅಂದರೆ ನೂರಕ್ಕೆ ಐದು. ವಾಣಿಜ್ಯ ವಿಭಾಗದವರಿಗೆ ಹೇಳುವುದಾದರೆ ಶೇಕಡಾ 5ರ ಇಳಿಜಾರು.

ಶೇಕಡಾ 5 ಎಂದರೆ ಸಣ್ಣದು ಎನಿಸಬಹುದು. ಆದರೆ ಗಾಡಿಯ ತೂಕದ ಮೇಲೆ ಲೆಕ್ಕ ಹಾಕಿ. ಮಾಲು ಸೇರಿ ಆ ದಿನ ಗಾಡಿ ಸುಮಾರು 1,500 ಕಿಲೋ ಇತ್ತು. ಅದರ ಶೇಕಡಾ 5 ಎಂದರೆ 75 ಕಿಲೋ. ಅಂದರೆ ಒಬ್ಬ ದೊಡ್ಡ ಮನುಷ್ಯನ ತೂಕದಷ್ಟು ಬಲ ಆ ಗಾಡಿಯನ್ನು ಬಿಡುವಿಲ್ಲದೆ ಕೆಳಕ್ಕೆ ಎಳೆಯುತ್ತಿತ್ತು. ಸಡಿಲ ಕೇಬಲ್ ಅದನ್ನು ಅಷ್ಟು ಹೊತ್ತು ಹಿಡಿದದ್ದೇ ದೊಡ್ಡದು. ಅದು ಅರ್ಧ ಹಿಡಿದಿದ್ದರಿಂದಲೇ ಗಾಡಿ ನಿಧಾನವಾಗಿ ಹೋಯಿತು. ಬ್ರೇಕ್ ಏನೂ ಹಿಡಿಯದೆ ಇದ್ದಿದ್ದರೆ? ವಿಜ್ಞಾನ ವಿಭಾಗದ ಗೆಳತಿಯೊಬ್ಬಳು ಲೆಕ್ಕ ಹಾಕಿಕೊಟ್ಟಳು. ಟೈರು ನೆಲಕ್ಕೆ ಉಜ್ಜಿ ಕಳೆಯುವ ಬಲವನ್ನು ಕಳೆದರೂ, ಅಂಗಡಿಯಿಂದ ಬೆಂಚಿನವರೆಗಿನ 20 ಮೀಟರ್ ಉರುಳುವಷ್ಟರಲ್ಲಿ ಗಾಡಿಯ ವೇಗ ಗಂಟೆಗೆ ಸುಮಾರು 13 ಕಿಲೋಮೀಟರ್ ಆಗುತ್ತಿತ್ತು. ಅದಕ್ಕೆ ಬೇಕಾದ ಸಮಯ 11 ಸೆಕೆಂಡು. ಬೆನ್ನು ಹಾಕಿ ಕೂತು ಮಾತಾಡುತ್ತಿರುವವರಿಗೆ 11 ಸೆಕೆಂಡಿನಲ್ಲಿ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಆಫ್ ಆಗಿರುವ ಗಾಡಿಗೆ ಸದ್ದೂ ಇರುವುದಿಲ್ಲ.

ಈಗ ಚಕ್ರದ ವಿಷಯ. ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವಾಗ ಮುಂದಿನ ಚಕ್ರಗಳನ್ನು ನೇರವಾಗಿ ಬಿಡಬಾರದು. ಫುಟ್‌ಪಾತಿನ ಅಂಚಿನಲ್ಲಿ ನೆಟ್ಟಿರುವ ಕಲ್ಲನ್ನು ನಾವು ಚೆಂದಕ್ಕೆ ಎಂದುಕೊಂಡಿದ್ದೇವೆ. ಇಳಿಜಾರಿನಲ್ಲಿ ಅದು ಗಾಡಿಗೆ ಸಿಗುವ ಪುಕ್ಕಟೆ ಬ್ರೇಕ್. ಗಾಡಿಯ ಮುಖ ಕೆಳಕ್ಕಿದ್ದರೆ ಸ್ಟಿಯರಿಂಗನ್ನು ಎಡಕ್ಕೆ, ಅಂದರೆ ಆ ಕಲ್ಲಿನ ಕಡೆಗೆ ತಿರುಗಿಸಬೇಕು. ಬ್ರೇಕ್ ಬಿಟ್ಟುಹೋದರೂ ಗಾಡಿ ಮುಂದಕ್ಕೆ ಹೋಗಲು ನೋಡಿದ ಕೂಡಲೇ ಟೈರಿನ ಮುಂಭಾಗ ಕಲ್ಲಿಗೆ ಒತ್ತಿ ನಿಲ್ಲುತ್ತದೆ. ಗಾಡಿಯ ಮುಖ ಏರಿನ ಕಡೆಗಿದ್ದರೆ ಉಲ್ಟಾ ಮಾಡಬೇಕು. ಸ್ಟಿಯರಿಂಗನ್ನು ಬಲಕ್ಕೆ, ಅಂದರೆ ಕಲ್ಲಿನಿಂದ ಆಚೆಗೆ ತಿರುಗಿಸಬೇಕು. ಆಗ ಗಾಡಿ ಹಿಂದಕ್ಕೆ ಜಾರಿದರೆ ಎಡಗಡೆಯ ಮುಂದಿನ ಟೈರಿನ ಹಿಂಭಾಗ ಕಲ್ಲಿಗೆ ಹೋಗಿ ಒರಗುತ್ತದೆ. ಆಟದ ಕಾರನ್ನು ಮೇಜಿನ ಮೇಲೆ ಪುಸ್ತಕದ ಪಕ್ಕ ಇಟ್ಟು ಹಿಂದಕ್ಕೆ ಮುಂದಕ್ಕೆ ತಳ್ಳಿ ನೋಡಿ, ಎರಡೇ ನಿಮಿಷದಲ್ಲಿ ಅರ್ಥವಾಗುತ್ತದೆ. ನನಗೆ ಅರ್ಥವಾದದ್ದು ಹಾಗೆಯೇ.

ಅಂಚಿನ ಕಲ್ಲೇ ಇಲ್ಲದ ಕಡೆ? ರಾಜಾನುಕುಂಟೆಯ ಒಳರಸ್ತೆಗಳಲ್ಲಿ ಬಹುಪಾಲು ಕಡೆ ಕಲ್ಲಿಲ್ಲ, ಡಾಂಬರು ಮುಗಿದ ಕೂಡಲೇ ಮಣ್ಣು. ಅಲ್ಲಿ ಏರಾಗಲಿ ಇಳಿಜಾರಾಗಲಿ ಸ್ಟಿಯರಿಂಗ್ ಎಡಕ್ಕೇ ಇರಬೇಕು. ಆಗ ಗಾಡಿ ಯಾವ ಕಡೆಗೆ ಉರುಳಿದರೂ ರಸ್ತೆಯ ನಡುವಿಗೆ ಬರದೆ ಅಂಚಿನ ಮಣ್ಣಿಗೆ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಸಿನ್ ಒಬ್ಬ ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ನೋಡಿ ‘ಏರಿನಲ್ಲಿ ಎಡಕ್ಕೆ, ಇಳಿಜಾರಿನಲ್ಲಿ ಬಲಕ್ಕೆ’ ಎಂದು ಬಾಯಿಪಾಠ ಮಾಡಿದ್ದ. ಅಲ್ಲಿ ಗಾಡಿಗಳು ಬಲಗಡೆ ಹೋಗುತ್ತವೆ, ಫುಟ್‌ಪಾತೂ ಬಲಗಡೆಗೇ ಬರುತ್ತದೆ. ಅದನ್ನು ಇಲ್ಲಿಗೆ ತಂದು ಇಳಿಜಾರಿನಲ್ಲಿ ಬಲಕ್ಕೆ ತಿರುಗಿಸಿದರೆ, ಬ್ರೇಕ್ ತಪ್ಪಿದ ಗಾಡಿ ನೇರವಾಗಿ ಎದುರಿನ ಬಸ್ಸಿನ ದಾರಿಗೆ ಹೋಗುತ್ತದೆ. ಆದ್ದರಿಂದ ಎಡ ಬಲ ಎಂದು ನೆನಪಿಡಬೇಡಿ. ‘ಇಳಿಜಾರಿಗೆ ಕಲ್ಲಿನ ಕಡೆ, ಏರಿಗೆ ಕಲ್ಲಿನಿಂದ ಆಚೆ’ ಎಂದು ನೆನಪಿಡಿ. ಅದು ಯಾವ ದೇಶದಲ್ಲೂ ತಪ್ಪಾಗುವುದಿಲ್ಲ. ಅದೇ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಶೇಕಡಾ 3ಕ್ಕಿಂತ ಹೆಚ್ಚು ಇಳಿಜಾರಿರುವ ರಸ್ತೆಯಲ್ಲಿ ಚಕ್ರ ತಿರುಗಿಸದೆ ನಿಲ್ಲಿಸಿದರೆ ದಂಡ ಹಾಕುತ್ತಾರೆ. ನಮ್ಮ ಬಸ್ ಸ್ಟಾಪಿನ ಇಳಿಜಾರು 5 ಎಂಬುದನ್ನು ನೆನಪಿಸಿಕೊಳ್ಳಿ.

ಕಲ್ಲಿಗೂ ಒಂದು ಮಿತಿಯಿದೆ. ಅದರ ಎತ್ತರ ಸುಮಾರು ಅರ್ಧ ಅಡಿ. ಟೈರು ಮೊದಲೇ ಅದಕ್ಕೆ ತಾಗಿಕೊಂಡಿದ್ದರೆ ಹಿಡಿಯುತ್ತದೆ. ಗಾಡಿ ನಾಲ್ಕು ಮೀಟರ್ ಉರುಳಿ ಬಂದು ಗುದ್ದಿದರೆ ಹತ್ತಿಬಿಡಬಹುದು. ಆದ್ದರಿಂದ ಚಕ್ರ ತಿರುಗಿಸಿದ ಮೇಲೆ ಕಾಲಿನ ಬ್ರೇಕನ್ನು ಮೆಲ್ಲಗೆ ಸಡಿಲಿಸಿ, ಟೈರು ಕಲ್ಲಿಗೆ ಮುತ್ತಿಡುವವರೆಗೆ ಗಾಡಿಯನ್ನು ಇಳಿಯಲು ಬಿಡಬೇಕು. ಸಮತಟ್ಟು ರಸ್ತೆಯಲ್ಲಾದರೆ ಫುಟ್‌ಪಾತಿನಿಂದ ಒಂದು ಅಡಿಯೊಳಗೆ ಸಮಾನಾಂತರವಾಗಿ ನಿಲ್ಲಿಸಿದರೆ ಸಾಕು, ತಾಗಿಸುವ ಅಗತ್ಯವಿಲ್ಲ. ಎರಡು ಚಕ್ರ ಫುಟ್‌ಪಾತಿನ ಮೇಲೆ ಹತ್ತಿಸಿ ‘ರಸ್ತೆಗೆ ಜಾಗ ಬಿಟ್ಟಿದ್ದೇನೆ’ ಎನ್ನುವುದು ಯಾವ ರಸ್ತೆಯಲ್ಲೂ ಸರಿಯಲ್ಲ. ಆ ಜಾಗ ನಡೆಯುವವರದು.

ಎರಡನೆಯದು ಗೇರ್. ಎಂಜಿನ್ ಆಫ್ ಮಾಡಿ ಗೇರ್ ಹಾಕಿಟ್ಟರೆ ಚಕ್ರ ತಿರುಗಬೇಕಾದರೆ ಎಂಜಿನ್ನನ್ನೂ ತಿರುಗಿಸಬೇಕಾಗುತ್ತದೆ. ನಿಂತ ಎಂಜಿನ್ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ, ಹಾಗಾಗಿ ಅದು ಎರಡನೆಯ ಬ್ರೇಕಿನಂತೆ ಕೆಲಸ ಮಾಡುತ್ತದೆ. ಏರಿಗೆ ಮುಖ ಮಾಡಿದ್ದರೆ ಮೊದಲನೆಯ ಗೇರ್, ಇಳಿಜಾರಿಗೆ ಮುಖ ಮಾಡಿದ್ದರೆ ರಿವರ್ಸ್. ಎರಡರಲ್ಲೂ ಗಾಡಿ ಜಾರಲು ನೋಡಿದರೆ ಎಂಜಿನ್ ತನ್ನ ಸಹಜ ದಿಕ್ಕಿಗೆ ವಿರುದ್ಧವಾಗಿ ತಿರುಗಬೇಕಾಗುತ್ತದೆ. ಎಲ್‌ಎಲ್ ಪರೀಕ್ಷೆಗೆ ಓದುವವರಿಗೆ ಈ ಪ್ರಶ್ನೆ ಗೊತ್ತಿರುತ್ತದೆ: ಇಳಿಜಾರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕಿನ ಜೊತೆ ಯಾವ ಗೇರ್? ಉತ್ತರ ರಿವರ್ಸ್. ನಾವು ಉತ್ತರವನ್ನು ಟಿಕ್ ಮಾಡಿ ಪಾಸಾಗುತ್ತೇವೆ, ಕಾರಣ ಕೇಳುವುದಿಲ್ಲ. ಅಬ್ಬು ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದಾರೆ, ಅವರೂ ಕೇಳಿರಲಿಲ್ಲ.

ಕೆಲಸದ ಕ್ರಮವೂ ಮುಖ್ಯ. ಮೆಕ್ಯಾನಿಕ್ ಅಂಕಲ್ ಅಬ್ಬುವಿಗೆ ಹೇಳಿಕೊಟ್ಟದ್ದನ್ನು ಹಾಗೇ ಬರೆಯುತ್ತೇನೆ. ಕಾಲಿನ ಬ್ರೇಕ್ ಒತ್ತಿ ನಿಲ್ಲಿಸಿ. ನಂತರ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಗೇರ್ ನ್ಯೂಟ್ರಲ್‌ನಲ್ಲಿರುವಾಗಲೇ ಕಾಲನ್ನು ಬ್ರೇಕಿನಿಂದ ಮೆಲ್ಲಗೆ ತೆಗೆದು, ಪಕ್ಕದ ಕಂಬವನ್ನೋ ಗೋಡೆಯನ್ನೋ ನೋಡಿ. ಅದು ಸರಿದಂತೆ ಕಂಡರೆ ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ ಎಂದರ್ಥ. ಸರಿಯದಿದ್ದರೆ ಕಾಲಿನ ಬ್ರೇಕ್ ಮತ್ತೆ ಒತ್ತಿ, ಹ್ಯಾಂಡ್ ಬ್ರೇಕ್ ಬಿಟ್ಟು, ಚಕ್ರ ತಿರುಗಿಸಿ, ಟೈರನ್ನು ಕಲ್ಲಿಗೆ ತಾಗಿಸಿ, ಹ್ಯಾಂಡ್ ಬ್ರೇಕ್ ಮತ್ತೆ ಪೂರ್ತಿ ಎಳೆದು, ಎಂಜಿನ್ ಆಫ್ ಮಾಡಿ ಗೇರ್ ಹಾಕಿ ಇಳಿಯಿರಿ. ಮೊದಲೇ ಗೇರ್ ಹಾಕಿಬಿಟ್ಟರೆ ಹ್ಯಾಂಡ್ ಬ್ರೇಕ್ ಹಾಳಾಗಿರುವುದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಎಳೆಯುವಾಗ ಬರುವ ‘ಕಟಕ್ ಕಟಕ್’ ಸದ್ದು ಮೊದಲಿಗಿಂತ ಹೆಚ್ಚಾಗಿದ್ದರೆ, ಲಿವರ್ ಮೊದಲಿಗಿಂತ ಮೇಲೆ ಬರುತ್ತಿದ್ದರೆ ಕೇಬಲ್ ಬಿಗಿ ಮಾಡಿಸುವ ಕಾಲ ಬಂದಿದೆ. ಮತ್ತೆ ಹೊರಡುವಾಗ ಚಕ್ರ ತಿರುಗಿದೆ ಎಂಬುದು ನೆನಪಿರಲಿ. ಇಲ್ಲದಿದ್ದರೆ ಗಾಡಿ ಫುಟ್‌ಪಾತಿಗೆ ಹತ್ತುತ್ತದೆ, ಇಲ್ಲವೇ ಥಟ್ಟನೆ ರಸ್ತೆಗೆ ನುಗ್ಗುತ್ತದೆ.

ನಮ್ಮ ಕಡೆ ಗೂಡ್ಸ್ ಗಾಡಿಯವರು ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಅದು ಒಳ್ಳೆಯ ಪದ್ಧತಿ, ಮಾಲು ಇಳಿಸುವಾಗ ಕೊಡಲೇಬೇಕು, ಏಕೆಂದರೆ ಗಾಡಿ ಹೊರಡುವುದು ಅದು ಅಲುಗಾಡಿದಾಗಲೇ. ಕಲ್ಲನ್ನು ಚಕ್ರದ ಕೆಳಬದಿಗೆ ಕೊಡಬೇಕು, ಅಂದರೆ ಗಾಡಿ ಯಾವ ಕಡೆಗೆ ಉರುಳುತ್ತದೋ ಆ ಕಡೆಗೆ. ಒಂದೇ ಮಾತು: ಹೊರಡುವಾಗ ಕಲ್ಲನ್ನು ಎತ್ತಿಟ್ಟುಕೊಂಡು ಹೋಗಿ. ಹಗಲು ಗಾಡಿಯನ್ನು ಹಿಡಿದ ಕಲ್ಲೇ ರಾತ್ರಿ ಸ್ಕೂಟರಿನವರನ್ನು ಬೀಳಿಸುತ್ತದೆ.

ಸ್ಕೂಟರ್ ತರುವವರಿಗೂ ಒಂದು ಮಾತು. ಸ್ಕೂಟರಿಗೆ ಹಾಕಿಡಲು ಗೇರಿಲ್ಲ. ಸೈಡ್ ಸ್ಟ್ಯಾಂಡ್ ಮುಂದಕ್ಕೆ ತೆರೆದು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮುಖ ಇಳಿಜಾರಿಗೆ ಮಾಡಿ ನಿಲ್ಲಿಸಿದರೆ ಸ್ಕೂಟರ್ ಮುಂದಕ್ಕೆ ಜಾರಿದ ಕೂಡಲೇ ಸ್ಟ್ಯಾಂಡ್ ತಾನೇ ಮಡಚಿಕೊಂಡು ಗಾಡಿ ಬೀಳುತ್ತದೆ, ಪಕ್ಕದ ನಾಲ್ಕನ್ನೂ ಬೀಳಿಸುತ್ತದೆ. ಮುಖವನ್ನು ಏರಿಗೆ ಮಾಡಿದರೆ ಸ್ಟ್ಯಾಂಡ್ ಇನ್ನಷ್ಟು ಬಿಗಿಯಾಗಿ ಊರುತ್ತದೆ. ಹದಿನೆಂಟು ತುಂಬದವರು ಸ್ಕೂಟರ್ ತರಬಹುದೇ ಎಂಬುದು ಬೇರೆ ಪ್ರಶ್ನೆ. ಉತ್ತರ ನಮಗೆಲ್ಲ ಗೊತ್ತು.

ಈಗ ಮೂರನೆಯ ತಪ್ಪಿಗೆ ಬರುತ್ತೇನೆ. ನನ್ನ ಮಟ್ಟಿಗೆ ದೊಡ್ಡ ತಪ್ಪು ಅದೇ. ಬ್ರೇಕ್ ಗಟ್ಟಿಯಾಗಿದ್ದು, ಚಕ್ರ ತಿರುಗಿಸಿ, ಗೇರ್ ಹಾಕಿದ್ದರೂ ಅಬ್ಬುವಿನ ಗಾಡಿ ಅಲ್ಲಿ ನಿಲ್ಲಬಾರದಿತ್ತು.

1988ರ ಮೋಟಾರು ವಾಹನ ಕಾಯ್ದೆಯ 126ನೆಯ ಕಲಮು ನಿಂತ ಗಾಡಿಯ ಬಗ್ಗೆ ಹೇಳುತ್ತದೆ. ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಇಲ್ಲದಿದ್ದರೆ, ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು ಅಥವಾ ಗಾಡಿ ಅಕಸ್ಮಾತ್ ಚಲಿಸದಂತೆ ಬೇರೆ ಕ್ರಮ ತೆಗೆದುಕೊಂಡಿರಬೇಕು. ಎಲ್ಲಿ ನಿಲ್ಲಿಸಬಾರದು ಎಂಬುದನ್ನು ರಸ್ತೆ ನಿಯಮಗಳು ಹೇಳುತ್ತವೆ. 1989ರ ನಿಯಮಗಳಲ್ಲಿ ಆ ಪಟ್ಟಿ ಇತ್ತು: ತಿರುವಿನಲ್ಲಿ, ಏರಿನ ನೆತ್ತಿಯಲ್ಲಿ, ಫುಟ್‌ಪಾತಿನ ಮೇಲೆ, ಬಸ್ ನಿಲ್ದಾಣದ ಹತ್ತಿರ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲಿನ ಹತ್ತಿರ. ಅದರ ಬದಲಿಗೆ 2017ರಲ್ಲಿ ಹೊಸ ನಿಯಮಗಳು ಬಂದವು.

ನನ್ನ ತಕರಾರು ‘ಹತ್ತಿರ’ ಎಂಬ ಆ ಪದದ ಮೇಲೆ. ಹತ್ತಿರ ಎಂದರೆ ಎಷ್ಟು? ಸಂಜೆ ಮಕ್ಕಳನ್ನು ಕರೆದೊಯ್ಯಲು ಬರುವ ಕಾರಿನವರನ್ನು ಕೇಳಿದರೆ ‘ಸ್ಟಾಪಿನಲ್ಲಿ ನಿಲ್ಲಿಸಿಲ್ಲವಲ್ಲ, ಸ್ವಲ್ಪ ಹಿಂದೆ ನಿಲ್ಲಿಸಿದ್ದೇನೆ’ ಎನ್ನುತ್ತಾರೆ. ಶುಕ್ರವಾರ ಜುಮ್ಮಾಕ್ಕೆ ಬರುವವರೂ ಅದನ್ನೇ ಹೇಳುತ್ತಾರೆ. ಅಬ್ಬುವೂ ಅದನ್ನೇ ಹೇಳಿದರು. ಅವರ ಲೆಕ್ಕದಲ್ಲಿ 20 ಮೀಟರ್ ಎಂದರೆ ದೂರ. ಎಲ್ಲರೂ ಸತ್ಯವನ್ನೇ ಹೇಳುತ್ತಿದ್ದಾರೆ, ಆದರೂ ಬಸ್ಸಿಗೆ ನಿಲ್ಲಲು ಜಾಗವಿಲ್ಲ.

ಬಸ್ಸಿನ ಕಡೆಯಿಂದ ನೋಡಿದರೆ ಉತ್ತರ ಸಿಗುತ್ತದೆ. ದೊಡ್ಡ ಬಸ್ಸಿನ ಉದ್ದ ಸುಮಾರು 12 ಮೀಟರ್. ಒಂದು ಸಂಜೆ ಟೀ ಕುಡಿಯಲು ನಿಂತಿದ್ದ ಬಸ್ ಡ್ರೈವರ್ ಒಬ್ಬರನ್ನು ಕೇಳಿದೆ. ‘ನೋಡಮ್ಮಾ, ಬಸ್ಸು ಏಡಿ ಥರ ಪಕ್ಕಕ್ಕೆ ಸರಿಯಲ್ಲ. ಓರೆಯಾಗಿ ಒಳಗೆ ಬರಬೇಕು, ನೆಟ್ಟಗೆ ಆಗಬೇಕು, ಆಮೇಲೆ ಓರೆಯಾಗಿ ಆಚೆ ಹೋಗಬೇಕು. ಹಿಂದೆ ಒಂದು ಕಾರು ನಿಂತಿದ್ದರೆ ನನ್ನ ಮೂತಿ ಮಾತ್ರ ಒಳಗೆ, ಬಾಲ ರಸ್ತೇಲಿ. ಹಿಂದಿನವರು ಹಾರನ್ ಹೊಡೀತಾರೆ. ಅದಕ್ಕೇ ನಡುರಸ್ತೇಲೇ ನಿಲ್ಲಿಸ್ತೀನಿ’ ಎಂದರು.

ಆ ಮಾತಿನಿಂದ ನನಗೊಂದು ಅಳತೆ ಸಿಕ್ಕಿತು. ಓರೆಯಾಗಿ ಬರಲು ಒಂದು ಬಸ್ಸಿನ ಉದ್ದ, ನಿಲ್ಲಲು ಒಂದು ಉದ್ದ, ಹೊರಡಲು ಒಂದು ಉದ್ದ. ಒಟ್ಟು ಮೂರು ಬಸ್ಸಿನ ಉದ್ದ, ಅಂದರೆ 36 ಮೀಟರ್. ಬಸ್ಸಿನ ಮೂತಿ ಕಂಬದ ಬಳಿ ನಿಲ್ಲುತ್ತದೆ ಎಂದಿಟ್ಟುಕೊಂಡರೆ ಕಂಬದಿಂದ ಹಿಂದಕ್ಕೆ 24 ಮೀಟರ್, ಮುಂದಕ್ಕೆ 12 ಮೀಟರ್. ಇದು ಕಾನೂನಿನ ಅಂಕಿ ಅಲ್ಲ, ನಮ್ಮ ಸ್ಟಾಪಿಗೆ ನಾನು ಕೇಳುತ್ತಿರುವ ಅಂಕಿ. ಅಬ್ಬುವಿನ ಗಾಡಿ ನಿಂತಿದ್ದದ್ದು ಕಂಬದಿಂದ 20 ಮೀಟರ್ ಹಿಂದೆ. ಅಂದರೆ ಬಸ್ಸು ಓರೆಯಾಗಿ ಬರುವ ಜಾಗದ ನಡುವೆಯೇ.

ಬಸ್ಸು ನಡುರಸ್ತೆಯಲ್ಲಿ ನಿಂತರೆ ಏನಾಗುತ್ತದೆ ಎಂಬುದನ್ನು ಒಂದು ಸಂಜೆ ಪೂರ್ತಿ ನಿಂತು ನೋಡಿದೆ. ಆ ಸಂಜೆ ಬಂದ ಏಳು ಬಸ್ಸುಗಳಲ್ಲಿ ಎರಡು ಮಾತ್ರ ಫುಟ್‌ಪಾತಿನ ಪಕ್ಕಕ್ಕೆ ಬಂದವು. ಉಳಿದ ಐದಕ್ಕೆ ಹತ್ತಲು ನಾವೆಲ್ಲ ರಸ್ತೆಗೆ ಇಳಿದೆವು. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಒಂದು ಗಾಡಿ ಹೋಗುವಷ್ಟು ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಬೈಕುಗಳು ನುಗ್ಗುತ್ತವೆ. ಬೈಕಿನವರಿಗೆ ಬಸ್ಸಿನಿಂದ ಇಳಿಯುವವರು ಕಾಣುವುದಿಲ್ಲ, ಇಳಿಯುವವರಿಗೆ ನಿಂತ ಕಾರಿನ ಮರೆಯಿಂದ ಬರುವ ಬೈಕು ಕಾಣುವುದಿಲ್ಲ. ಫುಟ್‌ಪಾತಿನಿಂದ ಬಸ್ಸಿನ ಮೆಟ್ಟಿಲು ಹತ್ತುವುದಕ್ಕೂ ರಸ್ತೆಯಿಂದ ಹತ್ತುವುದಕ್ಕೂ ಅರ್ಧ ಅಡಿಯ ವ್ಯತ್ಯಾಸ. ನಮಗೆ ಅದು ಏನೂ ಅಲ್ಲ. ಮೊಣಕಾಲು ನೋವಿರುವ ನಮ್ಮ ದಾದಿಗೆ ಅದೇ ಅರ್ಧ ಅಡಿಗೆ ಇಬ್ಬರ ಕೈ ಬೇಕು.

ನಮ್ಮ ಸ್ಟಾಪಿನ ಮಟ್ಟಿಗೆ ‘ಹತ್ತಿರ’ ಎಂಬ ಪದದ ಜಗಳವೇ ಬೇಕಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. 2017ರ ನಿಯಮಗಳಲ್ಲಿ ಒಂದು ಕಡೆ ಸ್ಪಷ್ಟ ಅಂಕಿ ಇದೆ. ರಸ್ತೆಗಳು ಕೂಡುವ ಜಾಗದ ಅಂಚಿನಿಂದ 50 ಮೀಟರ್ ಒಳಗೆ, ಹಿಂದೆಯಾಗಲಿ ಮುಂದೆಯಾಗಲಿ ಪಾರ್ಕ್ ಮಾಡುವಂತಿಲ್ಲ. ನಮ್ಮ ಸ್ಟಾಪಿನ ಕಂಬದಿಂದ ಕೆಳಗಿನ ಅಡ್ಡರಸ್ತೆಯ ಮೂಲೆಗೆ ನಾವು ಟೇಪ್ ಹಿಡಿದು ಅಳೆದೆವು: 18 ಮೀಟರ್. ಅಬ್ಬುವಿನ ಗಾಡಿ ಕಂಬದಿಂದ 20 ಮೀಟರ್ ಮೇಲೆ, ಅಂದರೆ ಮೂಲೆಯಿಂದ 38 ಮೀಟರ್. ನಾನು ಕೇಳುವ 24 ಮೀಟರ್ ಕೂಡ ಮೂಲೆಯಿಂದ 42 ಮೀಟರಿಗೆ ಮುಗಿಯುತ್ತದೆ. ಎಲ್ಲವೂ 50ರ ಒಳಗೇ ಇದೆ. ನಾವು ಹೊಸದಾಗಿ ಏನನ್ನೂ ಬೇಡುತ್ತಿಲ್ಲ, ಇರುವುದನ್ನು ನೆಲದ ಮೇಲೆ ಬರೆಯಿರಿ ಎನ್ನುತ್ತಿದ್ದೇವೆ ಅಷ್ಟೆ.

ಇದಕ್ಕೆ ಬರುವ ಉತ್ತರವೂ ನನಗೆ ಗೊತ್ತು, ನಮ್ಮ ಮನೆಯಲ್ಲೇ ಬಂತು. ‘ಅಂಗಡಿ ಅಲ್ಲಿದೆ, ಮಾಲು ಎಲ್ಲಿ ಇಳಿಸಲಿ? ತಲೆಯ ಮೇಲೆ ಹೊರಲಾ?’ ಎಂದು ಅಬ್ಬು ಕೇಳಿದರು. ಇದು ಸುಳ್ಳು ಪ್ರಶ್ನೆ ಅಲ್ಲ. ಗೂಡ್ಸ್ ಗಾಡಿಯವರ ದಿನದ ಸಂಪಾದನೆ ಟ್ರಿಪ್ಪಿನ ಲೆಕ್ಕದಲ್ಲಿರುತ್ತದೆ. ದೂರ ನಿಲ್ಲಿಸಿದರೆ ಒಂದು ಲೋಡಿಗೆ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ನಾವಿಬ್ಬರೂ ಕೂತು ಖಾತೆ ಬರೆದೆವು. ಒಂದು ಕಡೆ ಆ ಇಪ್ಪತ್ತು ನಿಮಿಷ. ಇನ್ನೊಂದು ಕಡೆ ಬಂಪರ್ ಮತ್ತು ಹೆಡ್‌ಲೈಟಿಗೆ 4,800 ರೂಪಾಯಿ, ಗಾಡಿ ಗ್ಯಾರೇಜಿನಲ್ಲಿದ್ದ ಎರಡು ದಿನದ ಬಾಡಿಗೆ ನಷ್ಟ, ಬೆಂಚು ಸರಿಮಾಡಿಸಿಕೊಡುವ ಮಾತು. ಆ ಬೆಂಚಿನ ಮೇಲೆ ಯಾರಾದರೂ ಕೂತಿದ್ದರೆ ಅದನ್ನು ಯಾವ ಕಾಲಮಿನಲ್ಲಿ ಬರೆಯುವುದು ಎಂದು ನಾನು ಕೇಳಿದೆ. ಅಬ್ಬು ಪೆನ್ನು ಕೆಳಗಿಟ್ಟರು.

ಈಗ ಅವರು ಆ ಅಂಗಡಿಗೆ ಬೆಳಿಗ್ಗೆ ಎಂಟರೊಳಗೆ ಮಾಲು ಮುಟ್ಟಿಸುತ್ತಾರೆ. ಅಂಗಡಿಯ ಹಿಂದಿನ ಗಲ್ಲಿಯಲ್ಲಿ ನಿಲ್ಲಿಸಿ, ಅಂಗಡಿಯವರ ತಳ್ಳುಗಾಡಿಯಲ್ಲಿ ಹಲಗೆ ಸಾಗಿಸುತ್ತಾರೆ. ಗಲ್ಲಿಗೆ ಅಂಚಿನ ಕಲ್ಲಿಲ್ಲ, ಆದ್ದರಿಂದ ಚಕ್ರ ಎಡಕ್ಕೆ, ಗೇರ್ ರಿವರ್ಸ್‌ಗೆ, ಹಿಂದಿನ ಚಕ್ರದ ಕೆಳಬದಿಗೆ ಮರದ ತುಂಡು. ಆ ತುಂಡಿಗೆ ಹಗ್ಗ ಕಟ್ಟಿ ಗಾಡಿಗೇ ಬಿಗಿದಿದ್ದಾರೆ, ರಸ್ತೆಯಲ್ಲಿ ಮರೆತು ಹೋಗಬಾರದು ಎಂದು. ಆ ಉಪಾಯ ಅಮ್ಮಿಯದು.

ನಮ್ಮ ಕಾಲೇಜಿಗೆ ನನ್ನ ಕೋರಿಕೆ ಮೂರು. ಆಡಳಿತ ಮಂಡಳಿಯವರು ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ಒಂದು ಅರ್ಜಿ ಕೊಟ್ಟು, ಸ್ಟಾಪಿನ ಕಂಬದಿಂದ ಹಿಂದಕ್ಕೆ 24 ಮೀಟರ್, ಮುಂದಕ್ಕೆ 12 ಮೀಟರ್ ನೆಲದ ಮೇಲೆ ಗೆರೆ ಎಳೆಸಬೇಕು. ಅಳತೆಯ ನಕ್ಷೆ ನಾವು ಮಾಡಿಕೊಡುತ್ತೇವೆ. ಎರಡನೆಯದಾಗಿ, ಕಿತ್ತುಹೋದ ಅಂಚಿನ ಕಲ್ಲನ್ನು ಮತ್ತೆ ನೆಡಿಸಬೇಕು. ಅದು ಅಲ್ಲಿದ್ದಿದ್ದರೆ ಆ ದಿನ ನಡಿಗೆಯ ವೇಗದಲ್ಲಿ ಬಂದ ಗಾಡಿಯನ್ನು ಬಹುಶಃ ತಡೆಯುತ್ತಿತ್ತು. ಮೂರನೆಯದಾಗಿ, ಸಂಜೆ ಕರೆದೊಯ್ಯಲು ಬರುವ ಕಾರುಗಳಿಗೆ ಕಾಲೇಜಿನ ಹಿಂದಿನ ಗೇಟನ್ನು ಅರ್ಧ ಗಂಟೆ ತೆರೆಯಬೇಕು. ಒಳಗಿನ ಮೈದಾನ ಸಮತಟ್ಟಾಗಿದೆ, ಅಲ್ಲಿ ಚಕ್ರ ಯಾವ ಕಡೆಗಿದ್ದರೂ ನಡೆಯುತ್ತದೆ.

ಸಹಪಾಠಿಗಳಲ್ಲಿ ನನ್ನ ಕೋರಿಕೆ ಇದಕ್ಕಿಂತ ಸಣ್ಣದು. ಇವತ್ತು ಮನೆಗೆ ಹೋಗುವಾಗ ಸ್ಟಾಪಿನ ಸುತ್ತ ನಿಂತ ಗಾಡಿಗಳ ಮುಂದಿನ ಚಕ್ರ ನೋಡಿ. ಹೆಚ್ಚಿನವು ನೇರವಾಗಿಯೇ ಇರುತ್ತವೆ. ಅವುಗಳಲ್ಲಿ ಒಂದು ನಿಮ್ಮ ಅಬ್ಬುವಿನದೋ ಅಪ್ಪನದೋ ಅಣ್ಣನದೋ ಆಗಿದ್ದರೆ, ಗಾಡಿಯೊಳಗೆ ಕೂರುವ ಮೊದಲು ಒಂದು ಮಾತು ಹೇಳಿ. ಬೈಗುಳ ಬಂದರೂ ಬರಲಿ. ನನಗೂ ಮೊದಲು ಬಂತು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ